‘ತಪ್ಪು ರೋಗಿಗೆ ಇನ್ಸುಲಿನ್ ಕೊಟ್ಟಿರಿ, ಯಾರೂ ನೋಡಿಲ್ಲ’: ಈ ಪ್ರಶ್ನೆಗೆ ನಾನು ಉತ್ತರಿಸುವ ರೀತಿ

ನರ್ಸಿಂಗ್ ಇಂಟರ್‌ವ್ಯೂಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: “ಬೆಳಿಗ್ಗೆ 7.30. ಆರನೇ ಬೆಡ್‌ನವರಿಗೆ ಹೋಗಬೇಕಿದ್ದ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಎಂಟನೇ ಬೆಡ್‌ನವರಿಗೆ ಕೊಟ್ಟುಬಿಟ್ಟಿರಿ. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ. 10 ಗಂಟೆಗೆ ಆಪರೇಷನ್ ಇದೆ, ರಾತ್ರಿಯಿಂದ ಏನೂ ತಿಂದಿಲ್ಲ. ನೀವು ಮಾಡಿದ್ದನ್ನು ಯಾರೂ ನೋಡಿಲ್ಲ. ಏನು ಮಾಡುತ್ತೀರಿ?”

ಹೆಚ್ಚಿನವರು “ಇನ್ಸಿಡೆಂಟ್ ರಿಪೋರ್ಟ್ ಬರೆಯುತ್ತೇನೆ” ಎಂದು ಶುರು ಮಾಡುತ್ತಾರೆ. ಪ್ರಾಮಾಣಿಕ ಉತ್ತರವೇ, ಆದರೆ ಕಾಗದ ಮುಂದೆ ಬಂತು, ರೋಗಿ ಹಿಂದೆ ಉಳಿದರು. ನಾನು ರೋಗಿಯ ಹತ್ತಿರದಿಂದಲೇ ಶುರು ಮಾಡುತ್ತೇನೆ. ಬೆವರು, ನಡುಕ, ಮಂಪರು, ಮಾತಿನಲ್ಲಿ ಗೊಂದಲ ಇದೆಯೇ ಎಂದು ನೋಡಿ, ತಕ್ಷಣ ಗ್ಲುಕೋಮೀಟರ್‌ನಲ್ಲಿ ಶುಗರ್ ನೋಡುತ್ತೇನೆ, ನಾಡಿ, ಬಿಪಿ ನೋಡುತ್ತೇನೆ. ಕ್ಯಾನುಲಾ ಸರಿಯಾಗಿ ಹರಿಯುತ್ತಿದೆಯೇ ಎಂದೂ ಆಗಲೇ ಪರೀಕ್ಷಿಸುತ್ತೇನೆ, ಶುಗರ್ ಇಳಿದ ಮೇಲೆ ರಕ್ತನಾಳ ಹುಡುಕುತ್ತಾ ಕೂರಲಾಗದು. ರೋಗಿಯನ್ನು ಒಂಟಿಯಾಗಿ ಬಿಡದೆ ಇನ್ನೊಬ್ಬ ನರ್ಸನ್ನು ಕರೆದು, ಡಾಕ್ಟರಿಗೂ ವಾರ್ಡ್ ಇನ್‌ಚಾರ್ಜ್‌ಗೂ ಫೋನ್ ಮಾಡುತ್ತೇನೆ.

ಫೋನಿನಲ್ಲಿ ಹೇಳುವ ಮಾತನ್ನೇ ಪ್ಯಾನೆಲ್ ಮುಂದೆ ಹೇಳಿ ತೋರಿಸುವುದು ಒಳ್ಳೆಯದು: “ಡಾಕ್ಟರ್, ಎಂಟನೇ ಬೆಡ್‌ನವರಿಗೆ 7.30ಕ್ಕೆ ನಾನು ತಪ್ಪಾಗಿ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಚರ್ಮದಡಿ ಕೊಟ್ಟಿದ್ದೇನೆ. ಅವರು ಡಯಾಬಿಟಿಕ್ ಅಲ್ಲ, ಉಪವಾಸದಲ್ಲಿದ್ದಾರೆ, 10ಕ್ಕೆ ಸರ್ಜರಿ. ಈಗ ಶುಗರ್ 92, ಪ್ರಜ್ಞೆ ಸರಿಯಿದೆ. ಡೆಕ್ಸ್ಟ್ರೋಸ್ ಶುರು ಮಾಡಲೇ? ಎಷ್ಟು ಹೊತ್ತಿಗೊಮ್ಮೆ ಶುಗರ್ ನೋಡಲಿ?” ‘ತಪ್ಪಾಗಿ ಹೋಗಿದೆ’ ಅನ್ನುವುದಿಲ್ಲ, ‘ನಾನು ಕೊಟ್ಟಿದ್ದೇನೆ’ ಅನ್ನುತ್ತೇನೆ. ಕೇಳುವವರು ಆ ಒಂದು ಕ್ರಿಯಾಪದವನ್ನು ಗಮನಿಸುತ್ತಾರೆ.

ಇಲ್ಲಿ ಒಂದು ಬಲೆಯೂ ಇದೆ. ಶುಗರ್ 70ಕ್ಕಿಂತ ಕೆಳಗೆ ಹೋದರೆ 15 ಗ್ರಾಂ ಗ್ಲೂಕೋಸ್ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡುವುದು ಎಲ್ಲರಿಗೂ ಬಾಯಿಪಾಠ. ಆದರೆ ಈ ರೋಗಿ ಆಪರೇಷನ್‌ಗೆ ಉಪವಾಸದಲ್ಲಿದ್ದಾರೆ. ಹಾಗಾಗಿ ಬಾಯಿಗೆ ಕೊಡುವ ಮೊದಲು ಡಾಕ್ಟರ್ ಆದೇಶ ಬೇಕು, ದಾರಿ ಬಹುಪಾಲು ಐವಿ ಡೆಕ್ಸ್ಟ್ರೋಸ್. ಪ್ರಜ್ಞೆ ತಪ್ಪಿದ್ದರಂತೂ ಬಾಯಿಗೆ ಹನಿಯೂ ಹಾಕಬಾರದು.

ನಂತರ ಪ್ಯಾನೆಲ್ ಕೆಣಕುತ್ತದೆ: “ಒಂದು ಗಂಟೆ ಆಯಿತು, ರೋಗಿ ಆರಾಮಾಗಿದ್ದಾರೆ. ಇನ್ನೂ ಯಾಕೆ ಹೇಳಬೇಕು?” ನೀತಿಯ ಪ್ರಶ್ನೆಗೆ ಔಷಧಶಾಸ್ತ್ರವೇ ಉತ್ತರ ಕೊಡುವ ಜಾಗ ಇದು. ರೆಗ್ಯುಲರ್ ಇನ್ಸುಲಿನ್ ಅರ್ಧ ಗಂಟೆಗೆ ಕೆಲಸ ಶುರು ಮಾಡಿದರೂ ಅದರ ಜೋರು 2ರಿಂದ 4 ಗಂಟೆಯ ನಡುವೆ. ಅಂದರೆ 9.30ರಿಂದ 11.30. ಆಗ ರೋಗಿ ಅನಸ್ತೇಷಿಯಾದಲ್ಲಿ ಮಲಗಿರುತ್ತಾರೆ. ಗೊಂದಲ, ಮಂಪರು ಯಾವುದೂ ಕಾಣುವುದಿಲ್ಲ, ‘ತಲೆ ಸುತ್ತುತ್ತಿದೆ’ ಎಂದು ಅವರೂ ಹೇಳಲಾರರು. ನಾನು ಬಾಯಿ ಮುಚ್ಚಿಕೊಂಡರೆ ಅನಸ್ತೇಷಿಯಾ ಡಾಕ್ಟರಿಗೆ ಶುಗರ್ ಪದೇ ಪದೇ ನೋಡಬೇಕೆಂದು ತೋಚಲು ಕಾರಣವೇ ಇರುವುದಿಲ್ಲ. ಸರ್ಜರಿ ಮುಂದೂಡಬೇಕೇ ಎಂಬ ತೀರ್ಮಾನ ಡಾಕ್ಟರುಗಳದು, ಆ ತೀರ್ಮಾನಕ್ಕೆ ಬೇಕಾದ ಮಾಹಿತಿ ನನ್ನೊಬ್ಬಳ ಹತ್ತಿರ ಇದೆ.

ರೋಗಿಗೂ ಹೇಳಬೇಕು, ಡಾಕ್ಟರ್ ಜೊತೆಗಿದ್ದು, ಆಸ್ಪತ್ರೆಯ ನಿಯಮದಂತೆ: ಏನಾಯಿತು, ಏನು ಆಗಬಹುದು, ನಾವೇನು ಮಾಡುತ್ತಿದ್ದೇವೆ, ಮತ್ತು ಕ್ಷಮೆ. ಕೇಸ್‌ಶೀಟ್‌ನಲ್ಲಿ ಔಷಧ, ಡೋಸ್, ಸಮಯ, ಶುಗರ್, ಯಾರಿಗೆ ತಿಳಿಸಿದೆ ಎಂಬುದಷ್ಟೇ. ‘ಕೆಲಸ ಜಾಸ್ತಿ ಇತ್ತು’ ಎಂಬ ಸಮಜಾಯಿಷಿಗೆ ಅಲ್ಲಿ ಜಾಗವಿಲ್ಲ. ಯಾಕೆ ಆಯಿತು ಎಂಬುದು ಇನ್ಸಿಡೆಂಟ್ ರಿಪೋರ್ಟಿಗೆ ಸೇರಿದ್ದು: ಬೆಡ್ ನಂಬರ್ ನಂಬಿದೆ, ಕೈಪಟ್ಟಿಯಲ್ಲಿ ಹೆಸರು ಮತ್ತು ಆಸ್ಪತ್ರೆ ನಂಬರ್ ಎರಡನ್ನೂ ಹೋಲಿಸಲಿಲ್ಲ. ಬೆಡ್ ನಂಬರ್ ರೋಗಿಯ ಗುರುತಲ್ಲ, ರೋಗಿಗಳು ಬೆಡ್ ಬದಲಾಯಿಸುತ್ತಾರೆ.

ಈ ಗದ್ದಲದಲ್ಲಿ ಆರನೇ ಬೆಡ್‌ನವರನ್ನು ಎಲ್ಲರೂ ಮರೆಯುತ್ತಾರೆ! ಅವರ ಇನ್ಸುಲಿನ್ ಇನ್ನೂ ಹೋಗಿಲ್ಲ, ತಿಂಡಿ ಬರುವ ಹೊತ್ತಾಗಿದೆ. ಅವರ ಶುಗರ್ ನೋಡಿ, ತಡವಾದದ್ದನ್ನು ಡಾಕ್ಟರಿಗೆ ತಿಳಿಸಿ, ಇನ್ನೊಬ್ಬ ನರ್ಸ್ ಜೊತೆ ಡೋಸ್ ಪರಿಶೀಲಿಸಿ ಕೊಡುತ್ತೇನೆ ಎಂದು ನಾನಾಗಿಯೇ ಹೇಳುತ್ತೇನೆ.

ಕೊನೆಗೆ ಬರುವುದು: “ಸೀನಿಯರ್ ‘ಬರೆಯಬೇಡ, ನಾನು ನೋಡಿಕೊಳ್ಳುತ್ತೇನೆ’ ಅಂದರೆ?” ಸೀನಿಯರನ್ನು ದೂರುವ ಉತ್ತರವೂ ಬೇಡ, “ಅವರು ಹೇಳಿದಂತೆ” ಅನ್ನುವುದೂ ಬೇಡ. ನಾನು ಹೇಳುವುದಿಷ್ಟು: “ಸಿಸ್ಟರ್, ಕೇಸ್‌ಶೀಟ್‌ನಲ್ಲಿ ಇಲ್ಲದಿದ್ದರೆ ಓಟಿಯವರಿಗೆ ಇನ್ಸುಲಿನ್ ಹೋಗಿರೋದು ಗೊತ್ತೇ ಆಗಲ್ಲ. ಡಾಕ್ಟರಿಗೆ ಫೋನ್ ಮಾಡ್ತಾ ಇದ್ದೀನಿ, ನೀವೂ ಜೊತೆಗಿರಿ.”