ಆರ್ಡರ್ ಜಾಸ್ತಿ, ಕೈಯಲ್ಲಿ ಕಾಸಿಲ್ಲ: ನನ್ನ ಅಡುಗೆಮನೆ ಸರಿಹೋದ ಬಗೆ

ತುಮಕೂರಿನಲ್ಲಿ ಬಾಡಿಗೆ ಮನೆಯೊಂದರಲ್ಲಿ ಡೆಲಿವರಿಗೆ ಮಾತ್ರ ಅಡುಗೆ ಶುರು ಮಾಡಿದೆ. ಮೆನುವಿನಲ್ಲಿ 32 ತಿಂಡಿ. ದಿನವೂ ಆರ್ಡರ್ ಬರುತ್ತಿತ್ತು, ಆದರೂ ತಿಂಗಳ ಕೊನೆಗೆ ಬಾಡಿಗೆಗೆ ಸಾಲ ಮಾಡಬೇಕಾಯಿತು. ಒಂದು ರಾತ್ರಿ ಕೂತು ಒಂದೇ ಆರ್ಡರಿನ ಲೆಕ್ಕ ಬರೆದೆ.

ಎರಡು ತಟ್ಟೆ ಇಡ್ಲಿಗೆ 80 ರೂಪಾಯಿ. ನನ್ನ ಒಪ್ಪಂದದಂತೆ ಆ್ಯಪಿನ ಕಮಿಷನ್ ಶೇ. 25, ಅಂದರೆ 20 ರೂಪಾಯಿ. ಆ ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ, 3.60. ಡಬ್ಬಿ, ಚಟ್ನಿ ಕಪ್, ಸಾಂಬಾರ್ ಕಪ್, ಕವರ್ ಸೇರಿ 17. ಸಾಮಾನು 28. ಉಳಿದದ್ದು 11.40. ಗ್ಯಾಸ್, ಸಹಾಯಕರ ಕೂಲಿ ಇನ್ನೂ ಕಳೆದಿಲ್ಲ! ಚಿಕ್ಕ ಆರ್ಡರಿಗೂ ದೊಡ್ಡ ಆರ್ಡರಿಗೂ ಕಪ್ಪು, ಕವರು ಹೆಚ್ಚುಕಮ್ಮಿ ಅಷ್ಟೇ ಬೇಕು. ಪೆಟ್ಟು ಬೀಳುತ್ತಿದ್ದದ್ದು ಅಲ್ಲೇ.

ಒಂಟಿ ಪ್ಲೇಟ್ ತೆಗೆದುಹಾಕಿದೆ. ನಾಲ್ಕು ಇಡ್ಲಿ, ಎರಡು ವಡೆ ಸೇರಿಸಿ 190 ರೂಪಾಯಿಯ ಕಾಂಬೊ ಮಾಡಿದೆ. ಕಮಿಷನ್, ತೆರಿಗೆ 56.05, ಪ್ಯಾಕಿಂಗ್ 22, ಸಾಮಾನು 64. ಉಳಿಯುವುದು ಸುಮಾರು 48.

ಮೆನುವನ್ನು 9ಕ್ಕೆ ಇಳಿಸಿದೆ. ನೂಡಲ್ಸ್, ಗೋಬಿ ಬಿಡುವಾಗ ಬೇಜಾರಾಯಿತು, ನಿಜ. ಆದರೆ ವಾರಕ್ಕೆ ಎರಡು ಆರ್ಡರಿಗೋಸ್ಕರ ಕೋಸು ಕೊಳೆಯುತ್ತಿತ್ತು. ಈಗ ಇರುವುದೆಲ್ಲ ಅದೇ ಹಿಟ್ಟು, ಅದೇ ಚಟ್ನಿಯಲ್ಲಿ ಆಗುವ ತಿಂಡಿ.

ಇನ್ನೊಂದು ದೂರಿತ್ತು, ಇಡ್ಲಿ ಒದ್ದೆಯಾಗುತ್ತದೆ ಅಂತ. ಬಿಸಿಬಿಸಿಯಾಗೇ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಕೆಳಗೆ ತೊಟ್ಟಿಕ್ಕುತ್ತದೆ, ಅಲ್ವಾ? ಈಗ ಎರಡು ನಿಮಿಷ ಆರಲು ಬಿಟ್ಟು, ಬಾಳೆ ಎಲೆ ಹಾಸಿ, ರಂಧ್ರವಿರುವ ಡಬ್ಬಿಗೆ ಹಾಕುತ್ತೇನೆ. ಆ ದೂರು ನಿಂತಿದೆ.