ಕ್ಯಾಡ್ ಟೆಸ್ಟ್‌ಗೆ ಒಂದೇ ಬ್ರಾಕೆಟ್ ಹಿಡಿದು ಮಾಡಿಕೊಂಡ ತಯಾರಿ

ಮೆಕ್ಯಾನಿಕಲ್ ಡಿಸೈನ್ ಕೆಲಸದ ಇಂಟರ್‌ವ್ಯೂನಲ್ಲಿ ಕೊಡುವ ಕ್ಯಾಡ್ ಟೆಸ್ಟ್ ಹೆಚ್ಚಾಗಿ ಒಂದೇ ಮಾದರಿಯದು. ಕೈಗೆ ಒಂದು ಪ್ರಿಂಟ್ ಕೊಡುತ್ತಾರೆ. ಅದನ್ನು ನೋಡಿ ಪಾರ್ಟ್ ಮಾಡೆಲ್ ಮಾಡಬೇಕು, ತೂಕ ಹೇಳಬೇಕು, ಆಮೇಲೆ ಅವರು ಹೇಳುವ ಎರಡು ಮೂರು ಅಳತೆ ಬದಲಿಸಿ ಮತ್ತೆ ತೂಕ ಹೇಳಬೇಕು, ಕೊನೆಗೆ ಒಂದು ಡ್ರಾಯಿಂಗ್ ಶೀಟ್ ಮಾಡಿಕೊಡಬೇಕು. ಸಮಯ ಒಂದು ಗಂಟೆ ಅಂದುಕೊಳ್ಳಿ. ನಾನು ಹತ್ತಾರು ಪಾರ್ಟ್ ಮಾಡಿ ಅಭ್ಯಾಸ ಮಾಡಲಿಲ್ಲ. ಒಂದು ಬ್ರಾಕೆಟ್ ಇಟ್ಟುಕೊಂಡು, ಅದರ ಉತ್ತರವನ್ನು ಕ್ಯಾಲ್ಕುಲೇಟರ್‌ನಲ್ಲಿ ಮೊದಲೇ ಲೆಕ್ಕ ಹಾಕಿ, ಅದನ್ನೇ ಮತ್ತೆ ಮತ್ತೆ ಮಾಡಿದೆ. ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್.

ಬ್ರಾಕೆಟ್ ಹೀಗಿದೆ. ಕೆಳಗೆ 120 × 70 × 15 ಮಿ.ಮೀ. ಬೇಸ್ ಪ್ಲೇಟ್. ಅದರ ನಾಲ್ಕು ಮೂಲೆಯಲ್ಲಿ, ಎರಡೂ ಅಂಚಿನಿಂದ 15 ಮಿ.ಮೀ. ಒಳಗೆ, 11 ಮಿ.ಮೀ. ವ್ಯಾಸದ, ಪೂರ್ತಿ ಹಾದುಹೋಗುವ ತೂತುಗಳು. ಬೇಸ್‌ನ ಹಿಂದಿನ ಅಂಚಿಗೆ ಸಮವಾಗಿ, ನಡುವೆ, 50 ಅಗಲ 15 ದಪ್ಪದ ನೇರ ಪ್ಲೇಟ್. ಅದರ ತಲೆ R25 ಅರ್ಧವೃತ್ತ, ಆ ವೃತ್ತದ ಕೇಂದ್ರ ಬೇಸ್‌ನ ಕೆಳಮುಖದಿಂದ 80 ಎತ್ತರದಲ್ಲಿ. ಅದೇ ಕೇಂದ್ರದಲ್ಲಿ 50 ವ್ಯಾಸದ ಬಾಸ್, ಪ್ಲೇಟಿನಿಂದ ಮುಂದಕ್ಕೆ 20 ಚಾಚಿದೆ. ಎಲ್ಲವನ್ನೂ ಹಾದುಹೋಗುವ 30 H7 ಬೋರ್. ಪ್ಲೇಟಿಗೂ ಬೇಸಿಗೂ ನಡುವೆ 30 × 30 ತ್ರಿಕೋನದ, 10 ದಪ್ಪದ ರಿಬ್. ಸರಿಯಾಗಿ ಮಾಡಿದರೆ ಘನಗಾತ್ರ 202804 ಘನ ಮಿ.ಮೀ. ಬರಬೇಕು. ಸ್ಟೀಲ್‌ನ ಸಾಂದ್ರತೆ 7850 ಕೆ.ಜಿ./ಘನ ಮೀಟರ್ ಹಾಕಿದರೆ ತೂಕ 1592 ಗ್ರಾಂ.

ಮಾಡೆಲ್ ಶುರು ಮಾಡುವ ಮೊದಲು ಐದು ನಿಮಿಷ ಬರೀ ಪ್ರಿಂಟ್ ಓದುತ್ತೇನೆ. ಮೊದಲು ಟೈಟಲ್ ಬ್ಲಾಕ್‌ನಲ್ಲಿ ಯೂನಿಟ್ ಮತ್ತು ಪ್ರೊಜೆಕ್ಷನ್ ಚಿಹ್ನೆ, ಫಸ್ಟ್ ಆ್ಯಂಗಲ್ಲೋ ಥರ್ಡ್ ಆ್ಯಂಗಲ್ಲೋ ಎಂದು. ಆಮೇಲೆ ಯಾವ ಅಳತೆಯನ್ನು ಎಲ್ಲಿಂದ ಕೊಟ್ಟಿದ್ದಾರೆ ಎಂಬುದು. ಈ ಎರಡನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ತೂತುಗಳ ಎರಡು ಸಾಲಿನ ನಡುವೆ 40 ಇದೆ ಎಂದು ಮನಸ್ಸಿನಲ್ಲೇ ಕಳೆದು, ಸ್ಕೆಚ್‌ನಲ್ಲಿ 40 ಹಾಕಿದರೆ ಸದ್ಯಕ್ಕೆ ಉತ್ತರ ಸರಿಯೇ. ಆದರೆ ಪ್ರಿಂಟ್‌ನಲ್ಲಿ ಕೊಟ್ಟಿರುವುದು ಎರಡೂ ಅಂಚಿನಿಂದ 15. ನಾಳೆ ಬೇಸ್‌ನ ಆಳ 70ರಿಂದ 80 ಆದಾಗ ಸಾಲುಗಳ ಅಂತರ 50 ಆಗಬೇಕು, 40ರಲ್ಲೇ ನಿಂತರೆ ಮುಂದಿನ ಸಾಲು ಅಂಚಿನಿಂದ 25 ದೂರ ಉಳಿಯುತ್ತದೆ. ಪ್ರಿಂಟ್ ಎಲ್ಲಿಂದ ಅಳೆದಿದೆಯೋ ಸ್ಕೆಚ್ಚೂ ಅಲ್ಲಿಂದಲೇ ಅಳೆಯಬೇಕು.

ಹೊಸ ಪಾರ್ಟ್ ತೆರೆದ ಕೂಡಲೇ ಕೆಳಗಿನ ಬಲಮೂಲೆಯಲ್ಲಿ `MMGS` ಇದೆಯೇ ನೋಡುತ್ತೇನೆ. ಬೇರೆಯವರ ಕಂಪ್ಯೂಟರ್‌ನಲ್ಲಿ ಅದು `IPS` ಇರಬಹುದು. ಆಗ 120 ಎಂದು ಟೈಪ್ ಮಾಡಿದ್ದು 120 ಇಂಚು, ಘನಗಾತ್ರ 16387 ಪಟ್ಟು. ತೆರೆಯ ಮೇಲೆ ಆಕಾರ ಮಾತ್ರ ಒಂದಿಷ್ಟೂ ಬೇರೆ ಕಾಣುವುದಿಲ್ಲ.

ಒರಿಜಿನ್ ಅನ್ನು ಬೇಸ್‌ನ ಹಿಂದಿನ ಕೆಳ ಅಂಚಿನ ನಡುಮಧ್ಯಕ್ಕೆ ಇಡುತ್ತೇನೆ. ಹಿಂಬದಿ ಮುಖ `Front Plane` ಮೇಲೆ ಬರುತ್ತದೆ, `Right Plane` ಪಾರ್ಟನ್ನು ಎಡ ಬಲ ಸಮನಾಗಿ ಸೀಳುತ್ತದೆ. ನೇರ ಪ್ಲೇಟಿನ ಸ್ಕೆಚ್‌ನಲ್ಲಿ 80 ಮತ್ತು R25 ಎರಡೇ ಅಳತೆ. ಪಕ್ಕದ ಗೆರೆಗಳು ಆರ್ಕ್‌ಗೆ ಟ್ಯಾಂಜೆಂಟ್ ಇದ್ದರೆ ಅಗಲ 50 ತಾನಾಗಿ ಬರುತ್ತದೆ, ಅದನ್ನೂ ಬರೆದರೆ ಸ್ಕೆಚ್ ಓವರ್ ಡಿಫೈನ್ ಆಗಿ ಹಳದಿ, ಕೆಂಪು ಬಣ್ಣಕ್ಕೆ ತಿರುಗುತ್ತದೆ. ಬಾಸ್‌ಗೆ ಹೊಸದಾಗಿ ವೃತ್ತ ಎಳೆದು ಮತ್ತೆ 80 ಬರೆಯುವುದಿಲ್ಲ, ಪ್ಲೇಟಿನ ಆರ್ಕ್‌ಗೇ ಕಟ್ಟುತ್ತೇನೆ. ಬೋರ್ ಅದಕ್ಕೆ ಕಾನ್ಸೆಂಟ್ರಿಕ್, ಕಟ್ `Through All`. ಎತ್ತರ ಎಂಬ ಸಂಗತಿ ಇಡೀ ಮಾಡೆಲ್‌ನಲ್ಲಿ ಒಂದೇ ಕಡೆ ಇರಬೇಕು. ಎರಡು ಕಡೆ ಇದ್ದರೆ ಒಂದನ್ನು ಬದಲಿಸಿದಾಗ ಪ್ಲೇಟಿನ ತಲೆ ಮೇಲೆ ಹೋಗಿ ಬಾಸ್ ಕೆಳಗೇ ಉಳಿಯುತ್ತದೆ.

ರಿಬ್ಬನ್ನು `Rib` ಕಮಾಂಡ್‌ನಲ್ಲೇ ಮಾಡುತ್ತೇನೆ, ಎಕ್ಸ್‌ಟ್ರೂಡ್‌ನಲ್ಲಿ ಅಲ್ಲ. ಕಾರಣ ಡ್ರಾಯಿಂಗ್ ಶೀಟ್ ಮಾಡುವಾಗ ಬರುತ್ತದೆ. `Right Plane` ಮೇಲೆ ಒಂದೇ ಓರೆ ಗೆರೆ, ಒಂದು ತುದಿ ಪ್ಲೇಟಿನ ಮೇಲೆ, ಇನ್ನೊಂದು ಬೇಸ್ ಮೇಲೆ. ದಪ್ಪ 10 ಎರಡೂ ಕಡೆಗೆ ಹಂಚಿಹೋಗಬೇಕು. ಮಟೀರಿಯಲ್‌ನ ಬಾಣ ಹೊರಕ್ಕೆ ತಿರುಗಿದ್ದರೆ ಕಮಾಂಡ್ ಎರರ್ ಕೊಡುತ್ತದೆ. ಸ್ಕೆಚ್ ತಪ್ಪೆಂದು ಅಳಿಸಿ ಕೂರಬೇಡಿ, ಬಾಣ ತಿರುಗಿಸಿದರೆ ಸಾಕು.

ಇನ್ನು ತೂಕ. ನಾನು `Mass Properties` ತೆರೆದು ಮೊದಲು ನೋಡುವುದು ತೂಕವನ್ನಲ್ಲ, ಘನಗಾತ್ರವನ್ನು. ತೂಕ ಮಟೀರಿಯಲ್ ಮೇಲೆ ನಿಂತಿದೆ. ಸಾಲಿಡ್‌ವರ್ಕ್ಸ್‌ನ ಪಟ್ಟಿಯಲ್ಲಿರುವ `Plain Carbon Steel` ಸಾಂದ್ರತೆ 7800, ಅದನ್ನು ಹಾಕಿದರೆ ಇದೇ ಪಾರ್ಟ್ 1582 ಗ್ರಾಂ ತೋರಿಸುತ್ತದೆ. ಆ ಹತ್ತು ಗ್ರಾಂ ಹುಡುಕುತ್ತಾ ಮಾಡೆಲ್‌ನಲ್ಲಿ ಇಲ್ಲದ ತಪ್ಪಿಗಾಗಿ ಕಾಲು ಗಂಟೆ ಕಳೆಯಬಹುದು. ಪ್ರಶ್ನೆಪತ್ರಿಕೆ ಸಾಂದ್ರತೆ ಕೊಟ್ಟಿದ್ದರೆ ಅದನ್ನೇ ಹಾಕಬೇಕು, ಮಟೀರಿಯಲ್ ಹೆಸರು ಕೊಟ್ಟಿದ್ದರೆ ಆ ಹೆಸರನ್ನೇ.

ಘನಗಾತ್ರ ಸರಿ ಬಂದ ಮಾತ್ರಕ್ಕೆ ಪಾರ್ಟ್ ಸರಿ ಎಂದೂ ಅಲ್ಲ. ಬಾಸ್ ಪ್ಲೇಟಿನ ಮುಂದಿನ ಮುಖದ ಬದಲು ಹಿಂದಿನ ಮುಖದಿಂದ ಹಿಂದಕ್ಕೆ 20 ಚಾಚಿದರೂ ತೂಕ 1592 ಗ್ರಾಂ ಆಗಿಯೇ ಉಳಿಯುತ್ತದೆ. ರಿಬ್‌ನ ದಪ್ಪ ಪೂರ್ತಿ ಒಂದೇ ಪಕ್ಕಕ್ಕೆ ಹೋದರೂ ಅಷ್ಟೇ. ಇಂಥ ತಪ್ಪನ್ನು ಹಿಡಿದುಕೊಡುವುದು ಅದೇ ಕಿಟಕಿಯಲ್ಲಿ ಕೆಳಗಿರುವ `Center of mass`. ನಮ್ಮ ಬ್ರಾಕೆಟ್‌ನಲ್ಲಿ X ಸೊನ್ನೆ ಇರಬೇಕು, ಏಕೆಂದರೆ ಎಡ ಬಲ ಸಮ. Z 26.37 ಬರಬೇಕು. ಬಾಸ್ ಹಿಂದಕ್ಕೆ ಹೋಗಿದ್ದರೆ Z 22.03ಕ್ಕೆ ಇಳಿಯುತ್ತದೆ. ರಿಬ್ ಒಂದು ಪಕ್ಕಕ್ಕೆ ಸರಿದಿದ್ದರೆ X ಸೊನ್ನೆಯ ಬದಲು 0.11 ಆಗುತ್ತದೆ. ಹತ್ತನೇ ಒಂದು ಮಿ.ಮೀ. ಎಂದು ಅಲಕ್ಷ್ಯ ಮಾಡುವಂತಿಲ್ಲ, ಸಮವಾಗಿರಬೇಕಾದ ಪಾರ್ಟ್‌ನಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಎಲ್ಲೋ ಒಂದು ಫೀಚರ್ ಸರಿದಿದೆ.

ಪ್ರೊಜೆಕ್ಷನ್ ತಪ್ಪಾಗಿ ಓದಿದರೂ ಇದೇ ಕಥೆ. ಎಡ ಬಲ ಸಮವಾಗಿರುವ ಪಾರ್ಟ್‌ನಲ್ಲಿ ಅದರಿಂದ ಹಾನಿಯಿಲ್ಲ, ತಿರುಗಿಸಿಟ್ಟರೆ ಅದೇ ಪಾರ್ಟ್. ಆದ್ದರಿಂದ ನಾನು ಅಭ್ಯಾಸಕ್ಕೆ ಬೇಸ್‌ನ ಬಲಗಡೆ ಮಾತ್ರ, ನಡುವಿನಿಂದ 45 ದೂರದಲ್ಲಿ, ಎರಡು ತೂತುಗಳ ಮಧ್ಯೆ 8 ವ್ಯಾಸದ ಪಿನ್ ತೂತು ಸೇರಿಸಿಕೊಂಡೆ. ಈಗ ಫಸ್ಟ್ ಆ್ಯಂಗಲ್ ಶೀಟನ್ನು ಥರ್ಡ್ ಆ್ಯಂಗಲ್ ಎಂದು ಓದಿದರೆ ಸಿಗುವುದು ಕನ್ನಡಿಯಲ್ಲಿ ಕಂಡಂಥ ಪಾರ್ಟ್. ತೂಕ ಒಂದೇ. X ಮಾತ್ರ −0.17 ಬರುವಲ್ಲಿ +0.17 ಬರುತ್ತದೆ. ಎಡಗಾಲಿನ ಚಪ್ಪಲಿಗೆ ಬಲಗಾಲು ಹಾಕಿದಂತೆ ಅನ್ನಿ, ತೂಕದಲ್ಲಿ ವ್ಯತ್ಯಾಸವೇ ಇರುವುದಿಲ್ಲ.

ಬದಲಾವಣೆಯ ಹಂತಕ್ಕೆ (ಪಿನ್ ತೂತು ತೆಗೆದು) ಮೂರು ಅಳತೆ ಇಟ್ಟುಕೊಂಡಿದ್ದೆ: ಕೇಂದ್ರದ ಎತ್ತರ 95, ಬೋರ್ 35, ಬೇಸ್‌ನ ಆಳ 80. ಮೂರನ್ನೂ ಒಟ್ಟಿಗೆ ಬದಲಿಸಿ ರೀಬಿಲ್ಡ್ ಮಾಡುವುದಿಲ್ಲ, ಒಂದಾದ ಮೇಲೊಂದು. ಮೊದಲ ಎರಡಕ್ಕೆ ಘನಗಾತ್ರ 205120, ತೂಕ 1610 ಗ್ರಾಂ. ಮೂರನೆಯದೂ ಸೇರಿದರೆ 223120, ಅಂದರೆ 1751 ಗ್ರಾಂಗೆ ತುಸು ಮೇಲೆ. ಆದರೆ ಆಳ ಬದಲಿಸಿದ ಮೇಲೆ ತೂತುಗಳು ತಪ್ಪು ಜಾಗದಲ್ಲಿ ನಿಂತರೂ ಘನಗಾತ್ರ ಏರುಪೇರಾಗದು. ಅಲ್ಲಿ `Measure` ತೆಗೆದು ಮುಂದಿನ ಅಂಚಿನಿಂದ 15 ಇದೆಯೇ ಎಂದು ನೇರವಾಗಿ ಅಳೆಯುವುದೇ ಲೇಸು.

ಬೋರ್‌ನ ಬದಲಾವಣೆಯಲ್ಲಿ ಇನ್ನೊಂದು ತೊಡಕಿದೆ. 30 H7 ಅಂದರೆ ಮೇಲಿನ ಮಿತಿ +0.021, ಕೆಳಗಿನದು ಸೊನ್ನೆ. 35 ಆದಾಗ ಅದು ಮುಂದಿನ ಅಳತೆ ಗುಂಪಿಗೆ ಬಿದ್ದು +0.025 ಆಗುತ್ತದೆ. ಡ್ರಾಯಿಂಗ್‌ನಲ್ಲಿ 0.021 ಎಂದು ಕೈಯಿಂದ ಟೈಪ್ ಮಾಡಿದ್ದರೆ ಅದು ಹಾಗೇ ಉಳಿದು, ನೋಡುವವರಿಗೆ ಮೊದಲು ಕಣ್ಣಿಗೆ ಬೀಳುತ್ತದೆ. ಡೈಮೆನ್ಷನ್‌ನ ಟಾಲರೆನ್ಸ್ ಪಟ್ಟಿಯಲ್ಲಿ ಫಿಟ್ ಆರಿಸಿ H7 ಕೊಟ್ಟರೆ ಸಂಖ್ಯೆ ತಾನಾಗಿ ಬದಲಾಗುತ್ತದೆ. ಮಾಡೆಲ್ ಮಾತ್ರ ಯಾವಾಗಲೂ ಸರಿ 30, ಸರಿ 35. ಟಾಲರೆನ್ಸ್‌ನ ನಡುಬೆಲೆಗೆ ಮಾಡೆಲ್ ಮಾಡಿದರೆ ತೂಕದ ಉತ್ತರ ತಪ್ಪುತ್ತದೆ.

ಡ್ರಾಯಿಂಗ್‌ಗೆ A3 ಶೀಟ್, 1:1 ಸ್ಕೇಲ್. ಫ್ರಂಟ್ ಮತ್ತು ಟಾಪ್ ವ್ಯೂ, ಪಕ್ಕದ ವ್ಯೂ ಬದಲು ನಡುವಿನಲ್ಲಿ ಸೀಳಿದ ಸೆಕ್ಷನ್ A-A, ಮೂಲೆಯಲ್ಲಿ ಚಿಕ್ಕ ಐಸೊಮೆಟ್ರಿಕ್. ಈ ಸೆಕ್ಷನ್ ರಿಬ್‌ನ ಉದ್ದಕ್ಕೂ ಹಾದುಹೋಗುತ್ತದೆ, ಹಾಗೆ ಉದ್ದಕ್ಕೆ ಕತ್ತರಿಸಿದ ರಿಬ್‌ಗೆ ಹ್ಯಾಚ್ ಹಾಕಬಾರದು ಎಂಬುದು ಡ್ರಾಯಿಂಗ್‌ನ ರೂಢಿ. ಹ್ಯಾಚ್ ಹಾಕಿದರೆ ಅದು ರಿಬ್ ಅಲ್ಲ, ಗಟ್ಟಿ ಬ್ಲಾಕ್ ಎಂಬ ಅರ್ಥ ಬರುತ್ತದೆ. ಸೆಕ್ಷನ್ ಎಳೆಯುವಾಗ ತೆರೆಯುವ `Section Scope` ಕಿಟಕಿಯಲ್ಲಿ ರಿಬ್ಬನ್ನು ಹೊರಗಿಡಬಹುದು, ಆದರೆ ಅದು `Rib` ಕಮಾಂಡ್‌ನಿಂದ ಹುಟ್ಟಿದ ಫೀಚರ್ ಆಗಿದ್ದರೆ ಮಾತ್ರ. ಎಕ್ಸ್‌ಟ್ರೂಡ್ ಮಾಡಿದ ರಿಬ್ ಆ ಕಿಟಕಿಗೆ ಗೊತ್ತೇ ಆಗುವುದಿಲ್ಲ, ಹ್ಯಾಚ್ ತೆಗೆದು ಗೆರೆ ಎಳೆಯುತ್ತಾ ಕೂರಬೇಕಾಗುತ್ತದೆ.

ಅಳತೆಗಳನ್ನು ಮಾಡೆಲ್‌ನಿಂದ ಒಟ್ಟಿಗೆ ಎಳೆದು ತಂದರೆ ಒಂದರ ಮೇಲೊಂದು ಬಿದ್ದು, ಜೋಡಿಸುವುದಕ್ಕೇ ಹೊತ್ತು ಹೋಗುತ್ತದೆ. ಈ ಗಾತ್ರದ ಪಾರ್ಟ್‌ಗೆ ಒಂದೊಂದಾಗಿ ಹಾಕುವುದೇ ಬೇಗ. ತೂತಿಗೆ ಒಂದೇ ಕಡೆ 4 × ⌀11, ಉಳಿದ ಮೂರಕ್ಕೆ ಬರೆಯಬಾರದು.

ಕೆಲವರು 3ಡಿ ಬದಲು ಆಟೋಕ್ಯಾಡ್‌ನಲ್ಲಿ 2ಡಿ ಕೊಡುತ್ತಾರೆ. ಅಲ್ಲೂ ಪರೀಕ್ಷಿಸುವ ಉಪಾಯ ಇದೇ: ಹೊರಗೆರೆಯನ್ನು `REGION` ಮಾಡಿ `MASSPROP` ಕೊಟ್ಟರೆ ವಿಸ್ತೀರ್ಣ ಸಿಗುತ್ತದೆ. ರೀಜನ್ ಆಗಲೇ ಇಲ್ಲವೆಂದರೆ ಎಲ್ಲೋ ಮೂಲೆ ಸೇರಿಲ್ಲ ಎಂದರ್ಥ. ಡೈಮೆನ್ಷನ್‌ನ ಸಂಖ್ಯೆಯನ್ನು ಅಳಿಸಿ ಬೇಕಾದ್ದು ಟೈಪ್ ಮಾಡುವ ಚಟ ಇದ್ದರೆ ಬಿಡಬೇಕು, ನೋಡುವವರು ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಬಣ್ಣ ಬಯಲಾಗುತ್ತದೆ.

ಕೊನೆಯ ಐದು ನಿಮಿಷ ಫೈಲ್‌ಗಳಿಗೆ. ಪಾರ್ಟ್‌ನ ಹೆಸರನ್ನು ವಿಂಡೋಸ್ ಫೋಲ್ಡರ್‌ನಲ್ಲಿ ಬದಲಿಸಿದರೆ ಡ್ರಾಯಿಂಗ್ ಹಳೆಯ ಹೆಸರನ್ನೇ ಹುಡುಕಿ, ಸಿಗದೆ, ಅವರ ಕಂಪ್ಯೂಟರ್‌ನಲ್ಲಿ ವ್ಯೂಗಳು ಖಾಲಿ ತೆರೆದುಕೊಳ್ಳುತ್ತವೆ. ಆದ್ದರಿಂದ ಹೆಸರನ್ನು ಮೊದಲ ಸಲ ಸೇವ್ ಮಾಡುವಾಗಲೇ ಅವರು ಕೇಳಿದಂತೆ ಇಡುತ್ತೇನೆ, ಒಪ್ಪಿಸುವಾಗ `Pack and Go` ಬಳಸುತ್ತೇನೆ. ಜೊತೆಗೆ ಒಂದು ಪಿಡಿಎಫ್ ತೆಗೆದು ಅದನ್ನು ಬೇರೆಯಾಗಿ ತೆರೆದು ನೋಡುತ್ತೇನೆ. ಬೋರ್ 35 ಆದ ಮೇಲೂ ಪಿಡಿಎಫ್‌ನಲ್ಲಿ 30 ಉಳಿದಿದ್ದರೆ ಅದು ಬದಲಾವಣೆಗೆ ಮೊದಲು ತೆಗೆದ ಹಳೆಯ ಪ್ರತಿ.