ಕೊಯ್ಲಿಗೆ 3.20 ಲಕ್ಷ ಜಾಸ್ತಿ ಯಾಕಾಯ್ತು? ತೋಟದ ವೇರಿಯನ್ಸ್ ರಿಪೋರ್ಟ್ ಬರೆಯುವ ನನ್ನ ಅನುಭವ

ಕೊಡಗಿನ ಸಿದ್ದಾಪುರ, ಪಾಲಿಬೆಟ್ಟ ಕಡೆಯ ಮೂರು ಕಾಫಿ ತೋಟಗಳ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಮೂರಕ್ಕೂ ಒಡೆಯರು ಒಬ್ಬರೇ, ಮ್ಯಾನೇಜರ್ ಮಾತ್ರ ಬೇರೆ ಬೇರೆ. ಪ್ರತಿ ತಿಂಗಳು ಬಜೆಟ್‌ನಲ್ಲಿ ಇಟ್ಟಿದ್ದೆಷ್ಟು, ನಿಜವಾಗಿ ಖರ್ಚಾಗಿದ್ದೆಷ್ಟು, ವ್ಯತ್ಯಾಸ ಯಾಕೆ ಅಂತ ಒಂದು ವರದಿ ಮಾಡಿ ಅವರಿಗೆ ಕೊಡಬೇಕು. ಆಫೀಸಿನಲ್ಲಿ ಇದನ್ನು ವೇರಿಯನ್ಸ್ ರಿಪೋರ್ಟ್ ಅನ್ನುತ್ತೇವೆ. ಇದರಲ್ಲಿ ಕೂಡಿಸಿ ಕಳೆಯುವ ಕೆಲಸ ಸುಲಭ. ‘ಯಾಕೆ’ ಅನ್ನೋದನ್ನು ಬೆಳಗ್ಗೆ ಆರಕ್ಕೇ ತೋಟಕ್ಕೆ ಇಳಿಯುವ ಮನುಷ್ಯ ಒಂದೇ ಸಲ ಓದಿ ಅರ್ಥ ಮಾಡಿಕೊಳ್ಳುವ ಹಾಗೆ ಬರೆಯೋದರಲ್ಲಿ ನಿಜವಾದ ಕೆಲಸ ಇದೆ. ಒಂದು ರೋಬಸ್ಟಾ ಕೊಯ್ಲಿನ ಲೆಕ್ಕ ಇಟ್ಟುಕೊಂಡು ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ. ಅಂಕಿಗಳನ್ನು ಬದಲಿಸಿದ್ದೇನೆ, ಲೆಕ್ಕದ ದಾರಿ ಅದೇ.

ಕಾರಣ ಹುಡುಕುವ ಮೊದಲು ಒಂದು ಕೆಲಸ ಇದೆ. ಖರ್ಚು ಅಂತ ಬರೆದಿರುವ ಮೊತ್ತ ಆ ತಿಂಗಳದ್ದೇನಾ, ಆ ಕೆಲಸದ್ದೇನಾ ಅಂತ ನೋಡಬೇಕು. ಉದಾಹರಣೆಗೆ ಗೊಬ್ಬರ. ಮಳೆಗಾಲ ಮುಗಿದ ಮೇಲೆ ಹಾಕುವ ಗೊಬ್ಬರಕ್ಕೆ ಅಕ್ಟೋಬರ್‌ನಲ್ಲಿ 6 ಲಕ್ಷ ಇಟ್ಟಿರುತ್ತೇವೆ ಅಂದುಕೊಳ್ಳಿ. ಮಳೆ ಬಿಡಲಿಲ್ಲ, ಕಾಲು ಭಾಗ ಮಾತ್ರ ಹಾಕಿದರು, ಖರ್ಚು 1.50 ಲಕ್ಷ. ವರದಿಯಲ್ಲಿ 4.50 ಲಕ್ಷ ಉಳಿದಂತೆ ಕಾಣುತ್ತೆ. ಅದು ಉಳಿತಾಯ ಅಲ್ಲ, ನವೆಂಬರಿಗೆ ಹೋದ ಖರ್ಚು. ಹಾಗಾಗಿ ಮ್ಯಾನೇಜರ್ ಹತ್ತಿರ ಕೇಳಿ, ‘ಈ ಹಣ ಉಳಿದಿಲ್ಲ, ಮುಂದಿನ ತಿಂಗಳು ಖರ್ಚಾಗುತ್ತದೆ’ ಅಂತ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಗೊಬ್ಬರ ಹಾಕಿ ಆಗಿದೆ, ಅಂಗಡಿಯ ಬಿಲ್ ಮಾತ್ರ ಬಂದಿಲ್ಲ ಅನ್ನೋದೂ ಉಂಟು. ಆಗ ಗೋಡೌನಿನ ಸ್ಟಾಕ್ ಪುಸ್ತಕ ನೋಡಿ, ಬರಬೇಕಾದ ಬಿಲ್ಲಿನ ಅಂದಾಜು ಮೊತ್ತವನ್ನು ಈ ತಿಂಗಳಿಗೇ ಸೇರಿಸುತ್ತೇನೆ.

ಕೂಲಿಯಲ್ಲಿ ಇನ್ನೊಂದು ರೀತಿ. ತೋಟದ ಗುಮಾಸ್ತರಾದ ರೈಟರು ಬರೆಯುವ ಹಾಜರಿ ಪುಸ್ತಕ, ಅಂದರೆ ಚೆಕ್‌ರೋಲ್‌ನಲ್ಲಿ ಪ್ರತಿಯೊಬ್ಬರ ಹಾಜರಿಯ ಮುಂದೆ ಕೆಲಸದ ಹೆಸರು ಇರುತ್ತೆ. ಕೊಯ್ಲಿನ ಗಡಿಬಿಡಿಯಲ್ಲಿ ಕಣದಲ್ಲಿ ಕಾಫಿ ಒಣಗಿಸಿದವರ ಹಾಜರಿಯೂ ಕೊಯ್ಲಿನ ಲೆಕ್ಕಕ್ಕೇ ಹೋಗಿಬಿಡಬಹುದು. ಕೊಯ್ಲಿನ ಆಳುಗಳಿಗೆ ತೂಕದ ಪುಸ್ತಕದಲ್ಲೂ ಹೆಸರು ಇರಬೇಕು ಅಲ್ವಾ? ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತೆ. ಕೊಯ್ಲಿನ ಹಾಜರಿ ಇದೆ, ತೂಕ ಇಲ್ಲ ಅಂದರೆ ರೈಟರನ್ನು ಕೇಳಬೇಕು.

ಈಗ ಕೊಯ್ಲಿಗೆ ಬರೋಣ. ಒಂದು ತೋಟದಲ್ಲಿ 2,00,000 ಕಿಲೋ ಹಣ್ಣು ಬರುತ್ತೆ, ಕಿಲೋಗೆ 5 ರೂಪಾಯಿ ಕೊಯ್ಲು ಖರ್ಚು ಅಂತ ಬಜೆಟ್ ಮಾಡಿದ್ದೆವು. ಒಟ್ಟು 10 ಲಕ್ಷ. ಕೊಯ್ಲು ಮುಗಿದಾಗ ಖರ್ಚಾಗಿದ್ದು 13.20 ಲಕ್ಷ. ಅಂದರೆ 3.20 ಲಕ್ಷ ಜಾಸ್ತಿ, ನೂರಕ್ಕೆ 32. ಈ ಅಂಕಿಯನ್ನಷ್ಟೇ ಒಡೆಯರ ಮುಂದೆ ಇಟ್ಟರೆ ಮ್ಯಾನೇಜರ್ ಕೈ ಬಿಗಿ ಇಲ್ಲ ಅಂತ ಕಾಣುತ್ತೆ. ಆದರೆ ತೂಕದ ಪುಸ್ತಕದಲ್ಲಿ ಬಂದ ಹಣ್ಣು 2,40,000 ಕಿಲೋ. ಹಣ್ಣು ಜಾಸ್ತಿ ಬಂದರೆ ಕೊಯ್ಲಿನ ಖರ್ಚೂ ಜಾಸ್ತಿ ಆಗಲೇಬೇಕು. ಅದಕ್ಕೆ ವ್ಯತ್ಯಾಸವನ್ನು ಎರಡು ಭಾಗ ಮಾಡುತ್ತೇನೆ.

ಮೊದಲ ಭಾಗ ಹಣ್ಣಿನದು. 40,000 ಕಿಲೋ ಜಾಸ್ತಿ ಬಂದಿದೆ. ಬಜೆಟ್ ದರ 5 ರೂಪಾಯಿಯಲ್ಲೇ ಕೊಯ್ದಿದ್ದರೂ ಅದಕ್ಕೆ 2 ಲಕ್ಷ ಬೇಕಿತ್ತು. ಎರಡನೇ ಭಾಗ ದರದ್ದು. 13.20 ಲಕ್ಷವನ್ನು 2,40,000 ಕಿಲೋಗೆ ಹಂಚಿದರೆ ಕಿಲೋಗೆ 5.50 ಬೀಳುತ್ತೆ. ಅರ್ಧ ರೂಪಾಯಿ ಜಾಸ್ತಿ. ಬಂದ ಪೂರ್ತಿ ಹಣ್ಣಿಗೆ ಲೆಕ್ಕ ಹಾಕಿದರೆ 1.20 ಲಕ್ಷ. ಎರಡೂ ಸೇರಿ 3.20 ಲಕ್ಷ. ಎಕ್ಸೆಲ್ ಶೀಟಿನಲ್ಲಿ B ಕಾಲಮ್ಮಿಗೆ ಬಜೆಟ್ ಕಿಲೋ, C ಗೆ ಬಜೆಟ್ ದರ, D ಗೆ ಬಂದ ಕಿಲೋ, E ಗೆ ಬಿದ್ದ ದರ ಹಾಕಿದರೆ ಸೂತ್ರ ಇಷ್ಟೇ:

```
=(D5-B5)*C5
=(E5-C5)*D5
```

ಮೊದಲನೆಯದು ಹಣ್ಣಿನ ಭಾಗ, ಎರಡನೆಯದು ದರದ ಭಾಗ. ಇಲ್ಲಿ ಒಂದು ಸೂಕ್ಷ್ಮ ಇದೆ. ಜಾಸ್ತಿ ಬಂದ 40,000 ಕಿಲೋ ಮೇಲಿನ ಜಾಸ್ತಿ ಅರ್ಧ ರೂಪಾಯಿ, ಅಂದರೆ 20,000 ರೂಪಾಯಿ, ಎರಡೂ ಕಾರಣದಿಂದ ಬಂದ ಹಣ. ಮೇಲಿನ ಸೂತ್ರ ಅದನ್ನು ದರದ ಭಾಗಕ್ಕೆ ಸೇರಿಸುತ್ತೆ. ಹಾಗೇ ಮಾಡಬೇಕು ಅಂತ ನಿಯಮ ಏನಿಲ್ಲ. ಆದರೆ ಒಂದು ತೋಟಕ್ಕೆ ಒಂದು ರೀತಿ, ಇನ್ನೊಂದಕ್ಕೆ ಇನ್ನೊಂದು ರೀತಿ ಮಾಡಬಾರದು. ನಾವು ಮೂರೂ ಮ್ಯಾನೇಜರ್‌ಗಳನ್ನು ಕೂರಿಸಿ ಮೊದಲೇ ಒಪ್ಪಿಕೊಂಡಿದ್ದೇವೆ.

ಇಷ್ಟಕ್ಕೆ ನಿಲ್ಲಿಸಿದರೆ ವರದಿ ‘ಕೊಯ್ಲಿನ ದರ ಅರ್ಧ ರೂಪಾಯಿ ಏರಿದೆ’ ಅಂತ ಹೇಳುತ್ತೆ. ಓದಿದವರು ಕೂಲಿ ದರ ಜಾಸ್ತಿ ಕೊಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಅದು ನಿಜವಾ? ಸರಾಸರಿ ನೋಡಿದರೆ ತಿಳಿಯಲ್ಲ, ದಿನದ ಲೆಕ್ಕಕ್ಕೆ ಇಳಿಯಬೇಕು. ನಾನು ಪ್ರತಿ ದಿನದ ಕೂಲಿಯನ್ನು ಆ ದಿನದ ತೂಕಕ್ಕೆ ಭಾಗಿಸಿ ಒಂದರ ಕೆಳಗೆ ಒಂದು ಬರೆದೆ. ಚಿತ್ರ ಸ್ಪಷ್ಟವಾಯಿತು. ಮೊದಲ 2,00,000 ಕಿಲೋ ಸರಿಯಾಗಿ 5 ರೂಪಾಯಿಗೇ ಕೊಯ್ದಿದ್ದಾರೆ. ಕೊನೆಯ 40,000 ಕಿಲೋಗೆ ಮಾತ್ರ 8 ರೂಪಾಯಿ ಬಿದ್ದಿದೆ. ದರದ 1.20 ಲಕ್ಷ ಪೂರ್ತಿ ಅಲ್ಲಿಂದಲೇ ಬಂದಿದೆ.

ಅಲ್ಲಿಗೆ ನನ್ನ ಪುಸ್ತಕ ಹೇಳುವುದು ಮುಗಿಯಿತು. ಕಾರಣ ತೋಟದಲ್ಲಿರುತ್ತೆ. ಮ್ಯಾನೇಜರ್‌ಗೆ ಫೋನ್ ಮಾಡಿ, ‘ಖರ್ಚು ಯಾಕೆ ಜಾಸ್ತಿ ಸರ್?’ ಅಂತ ನಾನು ಕೇಳುವುದಿಲ್ಲ. ಹಾಗೆ ಕೇಳಿದರೆ ‘ಆಳು ಸಿಗಲ್ಲ ಮಾರಾಯ್ರೆ’ ಅನ್ನುವ ಉತ್ತರ ಬರುತ್ತೆ, ಅದು ಯಾವ ವರ್ಷಕ್ಕೂ ಸರಿಹೊಂದುತ್ತೆ. ‘ಸರ್, ಫೆಬ್ರವರಿ ಕೊನೆಯಲ್ಲಿ ಕಿಲೋಗೆ 8 ರೂಪಾಯಿ ಬಿದ್ದಿದೆ. ಆಗ ಯಾವ ಬ್ಲಾಕಿನಲ್ಲಿ ಏನು ಕೆಲಸ ನಡೀತಿತ್ತು?’ ಅಂತ ಕೇಳಿದೆ.

‘ಅದು ಕೊನೇ ಸುತ್ತು ಕಣ್ರೀ. ಗಿಡದಲ್ಲಿ ಹಣ್ಣು ಕಮ್ಮಿ, ನೆಲಕ್ಕೆ ಉದುರಿದ್ದು ಜಾಸ್ತಿ. ಹೆಕ್ಕೋದಕ್ಕೆ ಕಿಲೋ ಲೆಕ್ಕದಲ್ಲಿ ಯಾರು ಬರ್ತಾರೆ? ದಿನಗೂಲಿ ಕೊಟ್ಟೆ. ಬಿಟ್ಟರೆ ಕಾಯಿಕೊರಕ ಅದರಲ್ಲೇ ಉಳ್ಕೊಂಡು ಬರೋ ವರ್ಷದ ಕಾಯಿಗೆ ಹತ್ತುತ್ತೆ’ ಅಂದರು.

ಇದು ಉತ್ತರ. ಇದರಲ್ಲಿ ಕೆಲಸ ಇದೆ, ಕೂಲಿ ಕೊಟ್ಟ ರೀತಿ ಇದೆ, ಆ ಕೆಲಸ ಬಿಟ್ಟರೆ ಏನಾಗುತ್ತೆ ಅನ್ನೋದೂ ಇದೆ. ಕೂಲಿ ದರ ಏರಿಲ್ಲ. ಕಿಲೋ ಲೆಕ್ಕದ ಕೆಲಸ ಮುಗಿದು ದಿನಗೂಲಿಯ ಕೆಲಸ ಶುರುವಾಗಿದೆ. ಬಜೆಟ್ ಮಾಡುವಾಗ ಎರಡನ್ನೂ ‘ಕೊಯ್ಲು’ ಅನ್ನುವ ಒಂದೇ ಸಾಲಿನಲ್ಲಿ ಒಂದೇ ದರಕ್ಕೆ ಹಾಕಿದ್ದೆವು.

ವರದಿಯಲ್ಲಿ ಕೊನೆಗೆ ಬರೆದದ್ದು ಹೀಗೆ:

‘ಕೊಯ್ಲಿಗೆ ಬಜೆಟ್‌ಗಿಂತ 3.20 ಲಕ್ಷ ಜಾಸ್ತಿ ಖರ್ಚಾಗಿದೆ. ಇದರಲ್ಲಿ 2 ಲಕ್ಷ, ಅಂದಾಜಿಗಿಂತ 40,000 ಕಿಲೋ ಹಣ್ಣು ಜಾಸ್ತಿ ಬಂದಿದ್ದಕ್ಕೆ. ಉಳಿದ 1.20 ಲಕ್ಷ, ಕೊನೆಯ ಸುತ್ತಿನಲ್ಲಿ ಉದುರಿದ ಹಣ್ಣನ್ನು ದಿನಗೂಲಿಯಲ್ಲಿ ಹೆಕ್ಕಿಸಿದ್ದಕ್ಕೆ. ಅಲ್ಲಿ ಕಿಲೋಗೆ 8 ರೂಪಾಯಿ ಬಿದ್ದಿದೆ. ಅದಕ್ಕೂ ಮೊದಲಿನ ಕೊಯ್ಲು ಬಜೆಟ್ ದರದಲ್ಲೇ ಆಗಿದೆ. ಕಾಯಿಕೊರಕ ತಡೆಯಲು ಹೆಕ್ಕುವ ಕೆಲಸ ಬೇಕೇಬೇಕು ಅಂತ ಮ್ಯಾನೇಜರ್ ಹೇಳಿದ್ದಾರೆ. ಈ ಹಣ ವಾಪಸ್ ಬರುವುದಿಲ್ಲ. ಮುಂದಿನ ಬಜೆಟ್‌ನಲ್ಲಿ ಹೆಕ್ಕುವುದಕ್ಕೆ ಬೇರೆ ಸಾಲು ಇಡಬೇಕಾ ಅಂತ ತೀರ್ಮಾನ ಆಗಬೇಕು.’

ಪ್ಲಸ್, ಮೈನಸ್ ಗುರುತು ಇಲ್ಲಿ ಎಲ್ಲೂ ಇಲ್ಲ. ಖರ್ಚಿನ ಸಾಲಿನಲ್ಲಿ ಮೈನಸ್ ಅಂದರೆ ಕೆಲವರಿಗೆ ನಷ್ಟ, ಕೆಲವರಿಗೆ ಉಳಿತಾಯ. ‘ಜಾಸ್ತಿ’, ‘ಕಡಿಮೆ’ ಅಂತ ಬರೆದರೆ ಗೊಂದಲ ಇಲ್ಲ. ‘ಕಾರ್ಯಾಚರಣೆಯ ಅನಿವಾರ್ಯತೆಯಿಂದ ವೆಚ್ಚದಲ್ಲಿ ಏರಿಕೆ’ ಅನ್ನುವಂಥ ವಾಕ್ಯವನ್ನು ನಾನು ಸೇರಿಸುವುದೇ ಇಲ್ಲ. ಯಾವ ತೋಟದ ಯಾವ ಖರ್ಚಿನ ಮುಂದೆ ಇಟ್ಟರೂ ಅದು ಕೂರುತ್ತೆ, ಅಂದರೆ ಏನೂ ಹೇಳುತ್ತಿಲ್ಲ. ಪುಸ್ತಕದಿಂದ ತಿಳಿದದ್ದನ್ನು ನೇರವಾಗಿ ಬರೆಯುತ್ತೇನೆ. ಮ್ಯಾನೇಜರ್ ಹೇಳಿದ್ದನ್ನು ‘ಮ್ಯಾನೇಜರ್ ಹೇಳಿದ್ದಾರೆ’ ಅಂತಲೇ ಬರೆಯುತ್ತೇನೆ. ಎರಡನ್ನೂ ಬೆರೆಸಿದರೆ ಯಾವುದಕ್ಕೆ ದಾಖಲೆ ಇದೆ, ಯಾವುದು ಅಭಿಪ್ರಾಯ ಅಂತ ಒಡೆಯರಿಗೆ ಗೊತ್ತಾಗಲ್ಲ.

ಎಲ್ಲ ಸಾಲಿಗೂ ಇಷ್ಟು ಉದ್ದ ವಿವರಣೆ ಬೇಡ. 25,000 ರೂಪಾಯಿಗಿಂತ ಜಾಸ್ತಿ ಮತ್ತು ನೂರಕ್ಕೆ 10ಕ್ಕಿಂತ ಜಾಸ್ತಿ ವ್ಯತ್ಯಾಸ, ಎರಡೂ ಇದ್ದರೆ ಮಾತ್ರ ವಿವರಣೆ ಅಂತ ಇಟ್ಟುಕೊಂಡಿದ್ದೇವೆ. ಶೇಕಡಾ ಒಂದನ್ನೇ ನೋಡಿದರೆ ಸ್ಟೇಷನರಿ ಖರ್ಚು ದುಪ್ಪಟ್ಟಾಗಿದೆ ಅಂತ ಅರ್ಧ ಪುಟ ಬರೆಯಬೇಕಾಗುತ್ತೆ. ಈ ಮಿತಿಗೂ ಒಂದು ಕೊರತೆ ಇದೆ. ಒಂದೇ ಸಾಲಿನೊಳಗೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಆಗಿ, ಒಟ್ಟು ಮೊತ್ತ ಬಜೆಟ್‌ಗೆ ಸರಿಹೊಂದಿಬಿಡಬಹುದು. ಹಾಗಾಗಿ ಕೂಲಿ, ಗೊಬ್ಬರ, ಡೀಸೆಲ್ ಈ ಮೂರನ್ನು ವ್ಯತ್ಯಾಸ ಇಲ್ಲದಿದ್ದರೂ ಬಿಡಿಸಿ ನೋಡುತ್ತೇನೆ.

ಅದೇ ವರದಿಯಲ್ಲಿ ಡೀಸೆಲ್ ಸಾಲು ಕಡಿಮೆ ತೋರಿಸುತ್ತಿತ್ತು. ಹೂ ಅರಳಿಸಲು ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಕುವ ಒಂದು ಪಂಪ್ 300 ಗಂಟೆ, ಗಂಟೆಗೆ 4 ಲೀಟರ್, ಲೀಟರಿಗೆ 90 ರೂಪಾಯಿ ಅಂತ 1,08,000 ಇಟ್ಟಿದ್ದೆವು. ಓಡಿದ್ದು 210 ಗಂಟೆ, ಖರ್ಚು 75,600. ಲೀಟರ್ ದರ ಬದಲಾಗಿಲ್ಲ, ಗಂಟೆಗೆ ಕುಡಿಯುವ ಡೀಸೆಲ್ಲೂ ಅಷ್ಟೇ ಇದೆ. ಕಡಿಮೆ ಆಗಿದ್ದು ಗಂಟೆ ಮಾತ್ರ. ತೋಟದ ಮಳೆ ಪುಸ್ತಕ ತೆಗೆದರೆ ಮೇಲಿನ ಬ್ಲಾಕುಗಳಿಗೆ ಒಳ್ಳೆಯ ಹೂಮಳೆ ಬಿದ್ದಿದೆ, ಅಲ್ಲಿ ಪಂಪ್ ಇಳಿಸಿಲ್ಲ. ಕೆಳಗಿನ ಬ್ಲಾಕಿಗೆ ಮಾತ್ರ ನೀರು ಹಾಕಿದ್ದಾರೆ.

ಸುಮ್ನೆ ‘32,400 ಉಳಿತಾಯ’ ಅಂತ ಬರೆದು ಮುಗಿಸಬಹುದಿತ್ತು. ಆದರೆ ಹೂ ಅರಳಿದ ಎರಡು ಮೂರು ವಾರದಲ್ಲಿ ಕಾಯಿ ಕಚ್ಚಲು ಇನ್ನೊಂದು ಮಳೆ, ಅಂದರೆ ಬ್ಯಾಕಿಂಗ್ ಮಳೆ, ಬರಬೇಕು. ಬರದಿದ್ದರೆ ಮೇಲಿನ ಬ್ಲಾಕಿಗೂ ಪಂಪ್ ಓಡಿಸಲೇಬೇಕು. ಅದಕ್ಕೆ ವರದಿಯಲ್ಲಿ ಹೀಗೆ ಸೇರಿಸಿದೆ: ‘ಹೂಮಳೆ ಬಿದ್ದಿದ್ದರಿಂದ ಡೀಸೆಲ್‌ಗೆ ಸದ್ಯಕ್ಕೆ 32,400 ರೂಪಾಯಿ ಕಡಿಮೆ ಖರ್ಚಾಗಿದೆ. ಮಾರ್ಚ್‌ನಲ್ಲಿ ಬ್ಯಾಕಿಂಗ್ ಮಳೆ ಬರದಿದ್ದರೆ ಈ ಹಣ ಅದಕ್ಕೇ ಬೇಕಾಗಬಹುದು. ಅಲ್ಲಿಯವರೆಗೆ ಇದನ್ನು ಬೇರೆ ಖರ್ಚಿಗೆ ತಿರುಗಿಸಬೇಡಿ.’ ಮ್ಯಾನೇಜರ್ ಆ ಕೊನೆಯ ಸಾಲಿನ ಪಕ್ಕ ಸಹಿ ಹಾಕಿ ಕಳಿಸಿದರು.